ಕಾಕ ಕೊಟ್ಟ ಪಟ್ಟಿ

ಎಕ್ಸ್‌ರೇ ಕೋಣೆಯ ಸೀಸದ ಗಾಜಿನ ಹಿಂದೆ ನಿಂತು ಅವರು ದಿನಕ್ಕೆ ಹತ್ತಾರು ಸಲ ಒಂದೇ ಮಾತು ಹೇಳುತ್ತಿದ್ದರು. ಉಸಿರು ತಗೊಳ್ಳಿ, ಹಿಡೀರಿ, ಅಲ್ಲಾಡಬೇಡಿ, ಖಲಾಸ್, ಈಗ ಬಿಡಿ. ಅರಬ್ಬಿ, ಹಿಂದಿ, ಮಲಯಾಳ, ಬಂದವರು ಊರಿನವರಾದರೆ ತುಳು ಅಥವಾ ಬ್ಯಾರಿ. ರೋಗಿ ಉಸಿರು ಹಿಡಿದಾಗ ತಾವೂ ಹಿಡಿಯುತ್ತಿದ್ದರು. ಯಾಕೆಂದು ಕೇಳಿದರೆ, “ಅವರಿಗೆ ಎಷ್ಟು ಹೊತ್ತು ಆಗ್ತದೆ ಅಂತ ನನಗೆ ಗೊತ್ತಾಗ್ಬೇಕಲ್ಲ” ಎನ್ನುತ್ತಿದ್ದರು.

ಕಳೆದ ತಿಂಗಳು ಅವರು ಉಪ್ಪಿನಂಗಡಿಯಲ್ಲಿ ತೀರಿಕೊಂಡರು. ಮಗಳು ಫೋನ್ ಮಾಡಿ ತಿಳಿಸಿದಳು. ಹೆಸರು ಬರೆಯುವುದಿಲ್ಲ, ತಮ್ಮ ಹೆಸರು ಅಚ್ಚಿನಲ್ಲಿ ಬರುವುದು ಅವರಿಗೆ ಸೇರುತ್ತಿರಲಿಲ್ಲ. ಒಮಾನಿನ ನಿಜ್ವಾ ಊರಿನ ನಮ್ಮ ಸಣ್ಣ ಕ್ಲಿನಿಕ್ಕಿನಲ್ಲಿ ಅವರು ಎಲ್ಲರಿಗೂ ಕಾಕ. ಒಮಾನಿ ಹುಡುಗಿ ಬದ್ರಿಯಾ ಮಾತ್ರ “ಅಮ್ಮಿ” ಎನ್ನುತ್ತಿದ್ದಳು, ಅದರ ಅರ್ಥವೂ ಚಿಕ್ಕಪ್ಪ ಎಂದೇ.

ನಾನು ಅಲ್ಲಿ ಲ್ಯಾಬ್ ಟೆಕ್ನೀಶಿಯನ್. ಕಾರ್ಕಳದವಳು. ನನ್ನ ಲ್ಯಾಬಿಗೂ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ಗೋಡೆ. ಬೆಳಗಿನ ಪಾಳಿ ಮುಗಿದು ಸಂಜೆಯ ಪಾಳಿ ಶುರುವಾಗುವವರೆಗಿನ ಮೂರು ಗಂಟೆಯಲ್ಲಿ ಬೇರೆಯವರು ಮನೆಗೆ ಹೋಗಿ ಮಲಗಿದರೆ, ಅವರು ತಮ್ಮ ಮೇಜಿನ ಮುಂದೆ ಕೂತು ಏನಾದರೂ ಕತ್ತರಿಸುತ್ತಿದ್ದರು. ಹಿಂದೆ ಎಕ್ಸ್‌ರೇ ಫಿಲ್ಮಿನಲ್ಲಿ ಬರುತ್ತಿದ್ದ ಕಾಲದಲ್ಲಿ ಹಾಳಾದ ಫಿಲ್ಮನ್ನು ಕತ್ತರಿಸಿ ಎಲೆ, ಹಕ್ಕಿ ಮಾಡುತ್ತಿದ್ದರಂತೆ. ಎಲ್ಲ ಕಂಪ್ಯೂಟರಿಗೆ ಬಂದ ಮೇಲೆ ಫಿಲ್ಮ್ ಹೋಯಿತು, ಚಟ ಉಳಿಯಿತು. ಹಳೆಯ ಕ್ಯಾಲೆಂಡರ್, ಔಷಧದ ಡಬ್ಬಿಯ ರಟ್ಟು, ಏನು ಸಿಕ್ಕರೂ ಸರಿ. ಕತ್ತರಿ ಮುಟ್ಟುತ್ತಿರಲಿಲ್ಲ. ಹಿಡಿಗೆ ಸಿಕ್ಕಿಸಿದ ಸರ್ಜರಿಯ ಮೊನೆ ಬ್ಲೇಡು.

ಮಾತು ಕಡಿಮೆ. ಆದರೆ ಕೇಳಿದ್ದಕ್ಕೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೂಳೆ ಮುರಿದವರು “ಮುರಿದಿದೆಯಾ” ಎಂದು ಕೇಳಿದರೆ ಹೇಳುವುದು ಡಾಕ್ಟರ ಕೆಲಸ, ಅವರು ಹೇಳುವಂತಿಲ್ಲ. ಹಾಗೆಂದು ಇಲ್ಲ ಎನ್ನಲೂ ಆಗುತ್ತಿರಲಿಲ್ಲ. ಹಾಗಾಗಿ ಬಾಗಿಲು ತೆರೆದು ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು. ಆ ಮೌನ ನೋಡಿಯೇ ಜನರಿಗೆ ಗೊತ್ತಾಗುತ್ತಿತ್ತು.

ಅದೇ ಮೌನ ಮೂರು ದಿನ ನಮ್ಮೆಲ್ಲರನ್ನೂ ಹಿಂಡಿತು.

ಅವರು ನಿವೃತ್ತರಾಗುವ ತಿಂಗಳಲ್ಲೇ ಕ್ಲಿನಿಕ್ಕನ್ನು ಮಸ್ಕತ್ತಿನ ಒಂದು ಕಂಪನಿ ಕೊಂಡುಕೊಂಡಿತು. ಹೊಸ ಮ್ಯಾನೇಜರ್ ವಾರಕ್ಕೆರಡು ಸಲ ಬಂದು, ಹಳೆಯ ಕಡತ ತರಿಸಿ, ಒಂದು ಕಪ್ಪು ನೋಟುಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಮುಂಬೈ ಕಡೆಯವರು, ಗಟ್ಟಿ ಮಾತಿಲ್ಲ, ನಗುವೂ ಇಲ್ಲ. ಕೆಲವು ಹುದ್ದೆ ಹೋಗುತ್ತದೆ ಎಂಬ ಸುದ್ದಿ ಅವರಿಗಿಂತ ಮೊದಲೇ ಬಂದಿತ್ತು. ಇಲ್ಲಿ ಕೆಲಸ ಹೋದರೆ ಅದರ ಹಿಂದೆಯೇ ವೀಸಾ ಹೋಗುತ್ತದೆ. ನನ್ನ ಮಗಳು ಹತ್ತನೇ ಕ್ಲಾಸಿನಲ್ಲಿದ್ದಳು. ನರ್ಸ್ ಶೈನಿಯ ಗಂಡನಿಗೆ ಕೆಲಸ ಇರಲಿಲ್ಲ; ಅವಳ ವೀಸಾದ ಮೇಲೆಯೇ ಮನೆ ನಿಂತಿತ್ತು.

ಬೀಳ್ಕೊಡುಗೆಗೆಂದು ಒಂದು ಗ್ರೂಪ್ ಫೋಟೋ ತೆಗೆಸಿದೆವು. ಪಕ್ಕದ ಚಹಾದಂಗಡಿಯವನು ಕಾಕನ ಮೊಬೈಲಿನಲ್ಲಿ ತೆಗೆದ. ಕ್ಲಿನಿಕ್ಕಿನ ಮೆಟ್ಟಿಲು ಕಿರಿದು. ಏಳು ಜನ ಭುಜಕ್ಕೆ ಭುಜ ಒತ್ತಿ ನಿಂತೆವು. ಎಡಗಡೆಯ ತುದಿಯಲ್ಲಿ ಶೈನಿ, ಆಮೇಲೆ ಬದ್ರಿಯಾ, ನಾನು, ನಮ್ಮ ಡಾಕ್ಟರಮ್ಮ, ಫಾರ್ಮಸಿಯ ಈಜಿಪ್ಟಿನವರು ಫತ್ಹಿ, ಕಾಕ, ಬಲಗಡೆಯ ತುದಿಯಲ್ಲಿ ಗಾಡಿ ಓಡಿಸುವ, ನೆಲ ಒರೆಸುವ, ಎಲ್ಲವನ್ನೂ ಮಾಡುವ ಬಾಂಗ್ಲಾದ ಜಮಾಲ್.

ಅದಾಗಿ ಐದು ದಿನಕ್ಕೆ ಶೈನಿ ನನ್ನ ಲ್ಯಾಬಿನ ಬಾಗಿಲು ಹಾಕಿಕೊಂಡು ಒಳಗೆ ಬಂದಳು. ಕೈಯಲ್ಲಿ ಒಂದು ಕಾಗದ. ಕಾಕನ ಕೋಣೆಯಲ್ಲಿ ಸೀಸದ ಏಪ್ರನ್ ತೆಗೆಯುವಾಗ ಅದರಡಿ ಸಿಕ್ಕಿತಂತೆ. ನಮ್ಮದೇ ಫೋಟೋ, ದೊಡ್ಡದಾಗಿ ಪ್ರಿಂಟ್ ಮಾಡಿದ್ದು. ಅದರಲ್ಲಿ ನಾಲ್ಕು ಜನರ ಆಕಾರದ ನಾಲ್ಕು ತೂತು. ಶೈನಿ ಇರಲಿಲ್ಲ. ನಾನು ಇರಲಿಲ್ಲ. ಫತ್ಹಿ ಇರಲಿಲ್ಲ. ಜಮಾಲ್ ಇರಲಿಲ್ಲ. ಉಳಿದವರು ಬದ್ರಿಯಾ, ಡಾಕ್ಟರಮ್ಮ, ಕಾಕ. ಬದ್ರಿಯಾ ಈ ದೇಶದವಳು, ಡಾಕ್ಟರಿಲ್ಲದೆ ಕ್ಲಿನಿಕ್ ಇಲ್ಲ, ಕಾಕ ಹೇಗೂ ಹೋಗುವವರು.

“ಮೊನ್ನೆ ಮ್ಯಾನೇಜರ್ ಇವರ ಹತ್ತಿರ ಒಂದು ಗಂಟೆ ಬಾಗಿಲು ಹಾಕಿ ಮಾತಾಡಿದ್ರು, ಗೊತ್ತುಂಟಾ ನಿನಗೆ?” ಎಂದಳು ಶೈನಿ. ನನ್ನ ಜೊತೆ ಕೆಲಸ ಮಾಡಿ ಅವಳಿಗೆ ನನ್ನ ಊರಿನ ಕನ್ನಡ ಅಂಟಿಕೊಂಡಿತ್ತು. ಅವಳ ಬೆರಳು ತನ್ನದೇ ಆಕಾರದ ತೂತಿನಲ್ಲಿ ಸಿಕ್ಕಿಕೊಂಡಿತ್ತು.

ಮಧ್ಯಾಹ್ನ ನಾನು ಅವರ ಕೋಣೆಗೆ ಹೋದೆ. ಅವರು ಬುತ್ತಿ ಬಿಚ್ಚುತ್ತಿದ್ದರು. ಫೋಟೋವನ್ನು ಮೇಜಿನ ಮೇಲಿಟ್ಟೆ.

“ಇದೆಂತ ಕಾಕ?”

ಅವರು ಅದನ್ನು ನೋಡಿದರು. ಬುತ್ತಿಯ ಮುಚ್ಚಳವನ್ನು ಮತ್ತೆ ಹಾಕಿದರು.

“ಇದು ಎಲ್ಲಿ ಸಿಕ್ಕಿತು ತಂಗಿ?”

“ಎಲ್ಲಿ ಸಿಕ್ಕಿದ್ರೆ ಎಂತ. ಮ್ಯಾನೇಜರ್ ನಿಮ್ಮ ಹತ್ರ ಪಟ್ಟಿ ಕೇಳಿದ್ದಾರಾ? ಯಾರನ್ನು ತೆಗೀಬಹುದು ಅಂತ?”

ಬಾಗಿಲು ಹಿಡಿದು ನಿಲ್ಲುವಾಗಿನ ಅದೇ ಮೌನ. ಆಮೇಲೆ ಹೇಳಿದರು, “ಕೇಳಿದ್ದಾರೆ.”

“ಕೊಟ್ರಾ?”

“ಗುರುವಾರ ಬೀಳ್ಕೊಡುಗೆಯಲ್ಲಿ ಹೇಳ್ತೇನೆ. ಎಲ್ಲರ ಎದುರು.”

“ಈಗ ಹೇಳಿದ್ರೆ ಎಂತ ಆಗ್ತದೆ?”

“ಈಗ ಹೇಳಿದ್ರೆ ಸಾಹೇಬ್ರಿಗೆ ಹೋಗಿ ಮುಟ್ತದೆ. ಅವರಿಲ್ಲದೆ ಹೇಳಿ ಪ್ರಯೋಜನ ಇಲ್ಲ. ಒಂದು ಮೂರು ದಿನ ತಾಳಿಕೋ ತಂಗಿ.”

ನಾನು ತಾಳಿಕೊಳ್ಳಲಿಲ್ಲ. “ಇಷ್ಟು ವರ್ಷ ನಿಮ್ಮ ಊಟದ ಡಬ್ಬಿಯಿಂದ ತಿಂದಿದ್ದೇನೆ ಕಾಕ, ನನಗೆ ನಾಚಿಕೆ ಆಗ್ತದೆ” ಎಂದು ಹೇಳಿ ಹೊರಗೆ ಬಂದೆ.

ಮೂರು ದಿನ ಯಾರೂ ಅವರ ಜೊತೆ ಊಟ ಮಾಡಲಿಲ್ಲ. ಕಾಕನ ಸಲಾಮಿಗೆ ಫತ್ಹಿ ತಲೆಯಾಡಿಸುವುದನ್ನೂ ಬಿಟ್ಟರು. ಶೈನಿ ರೋಗಿಗಳನ್ನು ಎಕ್ಸ್‌ರೇ ಕೋಣೆಯ ಬಾಗಿಲವರೆಗೆ ಬಿಟ್ಟು ಹಿಂದೆ ತಿರುಗುತ್ತಿದ್ದಳು. ಜಮಾಲ್ ಒಬ್ಬ ಮಾತ್ರ ಎಂದಿನಂತೆ ಅವರಿಗೆ ಚಹಾ ತಂದುಕೊಡುತ್ತಿದ್ದ. ನಾನು ಕೇಳಿದೆ, ನಿನ್ನನ್ನೂ ಕತ್ತರಿಸಿದ್ದಾರೆ, ಗೊತ್ತಿಲ್ಲವಾ? ಅವನು ಹಿಂದಿಯಲ್ಲಿ, “ಗೊತ್ತು ದೀದಿ. ಆದರೂ ಚಹಾ ಕುಡಿಯುವ ಹೊತ್ತಾಯ್ತಲ್ಲ” ಎಂದ. ಗೋಡೆಯಾಚೆ ಮಧ್ಯಾಹ್ನವೆಲ್ಲ ಏನೋ ತಟ್ಟುವ, ಎಳೆಯುವ ಸದ್ದು ಬರುತ್ತಿತ್ತು. ನಾನು ಫ್ಯಾನ್ ಜೋರು ಮಾಡಿ ಕೂರುತ್ತಿದ್ದೆ.

ಗುರುವಾರ ಮಧ್ಯಾಹ್ನ ಕಾಯುವ ಕೋಣೆಯ ಕುರ್ಚಿಗಳನ್ನು ಅರ್ಧವೃತ್ತಕ್ಕೆ ತಿರುಗಿಸಿದೆವು. ಮೇಜಿನ ಮೇಲೆ ಒಮಾನಿ ಹಲ್ವ, ಖರ್ಜೂರ, ಅರಬ್ಬಿ ಕಾಫಿ ಕಹ್ವ, ನಾನು ಮೊದಲೇ ಒಪ್ಪಿಕೊಂಡಿದ್ದಕ್ಕೆ ತಪ್ಪಿಸಲಾಗದೆ ತಂದ ಗೋಳಿಬಜೆ. ಯಾರೂ ಮುಟ್ಟಲಿಲ್ಲ. ಮ್ಯಾನೇಜರ್ ಬಂದು ಮುಂದಿನ ಕುರ್ಚಿಯಲ್ಲಿ ಕೂತು ನೋಟುಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡರು. ಕಾಕ ಬಿಳಿ ಬೆಡ್‌ಶೀಟ್ ಮುಚ್ಚಿದ ಒಂದು ದೊಡ್ಡ ಹಲಗೆಯನ್ನು ಜಮಾಲನ ಕೈಯಲ್ಲಿ ಹೊರಿಸಿಕೊಂಡು ಬಂದು ಕೌಂಟರಿಗೆ ಒರಗಿಸಿ ನಿಲ್ಲಿಸಿದರು.

ಅವರು ಹೇಳಿದ್ದು ಅರ್ಧ ಹಿಂದಿ, ಅಷ್ಟಿಷ್ಟು ಅರಬ್ಬಿ, ನಡುನಡುವೆ ಆಫೀಸಿನ ಇಂಗ್ಲಿಷ್. ನೆನಪಿದ್ದಷ್ಟನ್ನು ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಹತ್ತು ನಿಮಿಷವೂ ಇರಲಿಲ್ಲ.

“ನನಗೆ ಭಾಷಣ ಬರೋದಿಲ್ಲ. ಹೊಸ ಸಾಹೇಬ್ರು ನನ್ನ ಹತ್ತಿರ ಒಂದು ಪಟ್ಟಿ ಕೇಳಿದ್ರು. ಇಲ್ಲಿ ಯಾರು ಬೇಕು, ಯಾರಿಲ್ಲದೆ ನಡೀತದೆ, ನೀವು ಹಳಬರು, ಹೇಳಿ ಅಂದ್ರು. ಒಬ್ಬೊಬ್ಬರನ್ನೂ ಬೇರೆ ಮಾಡಿ ನೋಡಿ ಅಂದ್ರು. ನಾನು ಹಾಗೇ ಮಾಡಿದ್ದೇನೆ. ನನ್ನ ಪಟ್ಟಿ ಇದು.”

ಬೆಡ್‌ಶೀಟ್ ಎಳೆದರು.

ಹಲಗೆಯ ಮೇಲೆ ನಾವಿದ್ದೆವು. ಒಬ್ಬೊಬ್ಬರೂ ಬಿಡಿಬಿಡಿಯಾಗಿ, ಹಲಗೆಯಿಂದ ಅರ್ಧ ಬೆರಳು ಮುಂದೆ ಬಂದು ನಿಂತಿದ್ದೆವು. ಹಿಂದೆ ಪೆನ್ಸಿಲಿನಲ್ಲಿ ಎಳೆದ ನಮ್ಮದೇ ಬಾಗಿಲು, ಕೌಂಟರು, ಕಾರಿಡಾರು. ಯಾರೋ ಉಸಿರೆಳೆದುಕೊಂಡ ಸದ್ದು ಕೇಳಿತು.

“ಮೊದಲು ಒಂದು ತಪ್ಪು ಒಪ್ಪಿಕೊಳ್ತೇನೆ. ನನ್ನ ಕೋಣೆಯಲ್ಲಿ ನಾಲ್ಕು ತೂತಿನ ಫೋಟೋ ಸಿಕ್ಕಿ ನಿಮಗೆಲ್ಲ ಹೆದರಿಕೆಯಾಯ್ತು. ಒತ್ತಿ ನಿಂತ ಫೋಟೋ ಅದು. ಒಬ್ಬರ ಭುಜ ಇನ್ನೊಬ್ಬರ ಭುಜದ ಮೇಲೆ. ಬ್ಲೇಡು ನಡುವೆ ಹೋಗುವಾಗ ಒಬ್ಬರನ್ನು ಪೂರ್ತಿ ತೆಗೆದರೆ ಪಕ್ಕದವರ ತೋಳು ಹಾಳು. ಹಾಗಾಗಿ ಒಂದು ಪ್ರಿಂಟಿನಿಂದ ಒಬ್ಬರನ್ನು ಬಿಟ್ಟು ಒಬ್ಬರನ್ನು ಮಾತ್ರ ತೆಗೀಬಹುದು. ಮೊದಲನೇ ಪ್ರಿಂಟಿನಿಂದ ಒಂದು, ಮೂರು, ಐದು, ಏಳು. ಶೈನಿ, ಲ್ಯಾಬಿನ ತಂಗಿ, ಫತ್ಹಿ, ಜಮಾಲ್. ಎರಡನೇ ಪ್ರಿಂಟಿನಿಂದ ಎರಡು, ನಾಲ್ಕು. ಎರಡನೇದು ಡ್ರಾಯರಿನಲ್ಲಿತ್ತು, ಮೊದಲನೇದು ಏಪ್ರನ್ನಿನಡಿ ಇತ್ತು. ಅಷ್ಟೇ ಆದದ್ದು.”

ಫತ್ಹಿ ಬಗ್ಗಿ ತಮ್ಮ ಬೂಟು ನೋಡಿಕೊಳ್ಳತೊಡಗಿದರು.

“ಇನ್ನು ಯಾಕೆ ಕತ್ತರಿಸಿದೆ ಅಂತ. ಜಮಾಲ್ ಫೋಟೋದ ತುದಿಯಲ್ಲಿದ್ದಾನೆ. ಅವನ ಒಂದು ತೋಳು ಫೋಟೋದ ಅಂಚಿನಾಚೆ ಹೋಗಿದೆ, ಇಲ್ಲವೇ ಇಲ್ಲ. ಕ್ಲಿನಿಕ್ಕಿನಲ್ಲಿ ಅವನು ತುದಿಯಲ್ಲಿಲ್ಲ. ಎಲ್ಲರಿಗಿಂತ ಮೊದಲು ರೋಗಿಯನ್ನು ಮುಟ್ಟುವವನು ಅವನು. ತನೂಫ್ ಹಳ್ಳಿಯಿಂದ ಬರುವ ಮುದುಕಿಯನ್ನು ಕಾರಿನಿಂದ ಹೇಗೆ ಎತ್ತಬೇಕು, ಯಾವ ಸೊಂಟ ನೋಯ್ತದೆ ಅಂತ ಅವನಿಗೆ ಗೊತ್ತು. ಅವನು ಸರಿಯಾಗಿ ಎತ್ತಿದ್ದಕ್ಕೆ ನನ್ನ ಎಕ್ಸ್‌ರೇ ಎಷ್ಟೋ ಸಲ ಒಂದೇ ಸಲಕ್ಕೆ ಸರಿ ಬಂದಿದೆ. ಅದಕ್ಕೆ ಬಾಗಿಲ ಹೊರಗೆ, ಎಲ್ಲರಿಗಿಂತ ಮೊದಲು ಇಟ್ಟೆ. ಇಲ್ಲದ ತೋಳಿನ ಕಡೆಯನ್ನು ಬಾಗಿಲಿನ ಹಿಂದೆ ಸೇರಿಸಿದ್ದೇನೆ. ಈಗ ಬಾಗಿಲು ತೆರೆಯುವ ಹಾಗೆ ಕಾಣ್ತದೆ.

“ಬದ್ರಿಯಾ. ಫೋಟೋದಲ್ಲಿ ಒಂದು ಮೆಟ್ಟಿಲು ಕೆಳಗೆ, ಮುಂದೆ ನಿಂತಿದ್ದಳು, ಎಲ್ಲರಿಗಿಂತ ದೊಡ್ಡದಾಗಿ ಬಂದಿದ್ದಳು. ಗಲ್ಲದಿಂದ ನೆತ್ತಿಗೆ ಸ್ಕೇಲ್ ಹಿಡಿದು ಅಳೆದು, ಕತ್ತರಿಸಿ ತೆಗೆದ ಅವಳನ್ನು ಕಾಪಿ ಮೆಶಿನಿನಲ್ಲಿ ಸ್ವಲ್ಪ ಸಣ್ಣ ಮಾಡಿ, ಹಿಂದೆ ನಿಂತ ಡಾಕ್ಟರಮ್ಮನನ್ನು ಸ್ವಲ್ಪ ದೊಡ್ಡದು ಮಾಡಿ, ತಲೆಗಳನ್ನು ಸಮ ಮಾಡಿದೆ. ಇಬ್ಬರೂ ಸಿಟ್ಟಾಗಬೇಡಿ. ಒಂದೇ ಹೆಸರಿನ ಇಬ್ಬರು ಹೆಂಗಸರು ಒಂದೇ ದಿನ ಬಂದಾಗ ಅಜ್ಜನ ಹೆಸರು, ಕುಲದ ಹೆಸರು ಕೇಳಿ ಕಡತ ಬೇರೆ ಮಾಡಿದವಳು ಇವಳು. ಇಲ್ಲದಿದ್ದರೆ ಒಬ್ಬರ ಎದೆಯ ಚಿತ್ರ ಇನ್ನೊಬ್ಬರಿಗೆ ಹೋಗ್ತಿತ್ತು. ಅದಕ್ಕೆ ಕೌಂಟರಿನ ಹತ್ತಿರ.

“ಶೈನಿ. ಫೋಟೋದಲ್ಲಿ ಅವಳೊಬ್ಬಳೇ ಕ್ಯಾಮೆರಾ ನೋಡಲಿಲ್ಲ. ಮೊದಲು ನಾನೂ ಫೋಟೋ ಕೆಟ್ಟಿತು ಅಂದುಕೊಂಡೆ. ಆಮೇಲೆ ದೊಡ್ಡದು ಮಾಡಿ ನೋಡಿದೆ. ಆ ಹೊತ್ತಿಗೆ ಒಂದು ಕಾರು ಬಂದು ನಿಂತಿತ್ತು, ಅವಳು ಅದರಿಂದ ಯಾರು ಇಳೀತಾರೆ ಅಂತ ನೋಡ್ತಿದ್ದಳು. ಗ್ರೂಪಿನಲ್ಲಿ ಅದು ತಪ್ಪಾಗಿ ಕಾಣ್ತದೆ. ಅದಕ್ಕೆ ಬಿಡಿಸಿ, ಬಾಗಿಲಿಗೆ ಮುಖ ಮಾಡಿ ಇಟ್ಟೆ. ಈಗ ಸರಿ ಉಂಟು.”

ಇಲ್ಲಿ ಅವರು ನಿಂತರು. ನೀರು ಕುಡಿದರು. ಮ್ಯಾನೇಜರ್ ಕಡೆ ನೇರವಾಗಿ ನೋಡಿ ಮುಂದುವರಿಸಿದರು.

“ಸಾಹೇಬ್ರೇ, ಒಂದು ಸಲ ಹೊಟ್ಟೆನೋವಿನ ಒಬ್ಬ ಹೆಂಗಸು ಬಂದಳು, ಎಕ್ಸ್‌ರೇಗೆ. ಗರ್ಭಿಣಿಯಾ ಅಂತ ಕೇಳೋದು ನನ್ನ ಕೆಲಸ. ಕೇಳಿದೆ. ಇಲ್ಲ ಅಂದಳು. ಬಟನ್ ಒತ್ತಲಿಕ್ಕೆ ಕೈ ಇಟ್ಟಿದ್ದೆ. ಶೈನಿ ತಡೆದಳು. ನೀವು ಗಂಡ, ಅತ್ತೆ ಎದುರು ಕೇಳಿದ್ದೀರಿ ಕಾಕ, ಅಂದಳು. ಒಬ್ಬಳನ್ನೇ ಒಳಗೆ ಕರ್ಕೊಂಡು ಹೋಗಿ ಕೇಳಿದಳು. ಎರಡು ತಿಂಗಳಾಗಿತ್ತು. ತಪ್ಪು ನನ್ನದಾಗ್ತಿತ್ತು. ಇದು ಯಾವ ಕಡತದಲ್ಲೂ ಇಲ್ಲ, ಅದಕ್ಕೆ ಹೇಳಿದೆ.”

ಶೈನಿ ಮುಖ ಮುಚ್ಚಿಕೊಂಡಿದ್ದಳು. ಯಾರೂ ಅವಳ ಕಡೆ ನೋಡಲಿಲ್ಲ.

ಡಾಕ್ಟರಮ್ಮನ ಬಗ್ಗೆ ಎರಡು ಮಾತು, ಫತ್ಹಿ ಬಗ್ಗೆ ಎರಡು ಮಾತು. ಫೋಟೋದಲ್ಲಿ ಕೈಕಟ್ಟಿ ಗಂಟುಮುಖ ಹಾಕಿ ನಿಂತ ಫತ್ಹಿಯನ್ನು ಹಲಗೆಯ ಕೊನೆಯಲ್ಲಿ, ಹೊರಗೆ ಹೋಗುವ ದಾರಿಯಲ್ಲಿ ಇಟ್ಟಿದ್ದರು. ಮಾತ್ರೆಯ ಅಲರ್ಜಿ ಕೇಳದೆ ಡಾಕ್ಟರಮ್ಮ ಬರೆದ ಚೀಟಿಯನ್ನೂ ಅವರು ಹಿಂದಕ್ಕೆ ಕಳಿಸುತ್ತಾರೆ, ಕಾವಲಿನವನ ಮುಖ ಹಾಗೇ ಇರಬೇಕು ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

“ಈ ತಂಗಿ ಫೋಟೋದಲ್ಲಿ ಬದ್ರಿಯಾಳ ಹಿಂದೆ ಅರ್ಧ ಮುಚ್ಚಿಹೋಗಿದ್ದಾಳೆ. ಇವಳ ಒಂದು ಕೈ ಮಾತ್ರ ಕಾಣ್ತದೆ, ಮುಷ್ಟಿ. ಅದರಲ್ಲಿ ರಕ್ತದ ಟ್ಯೂಬು. ಫೋಟೋಗೆ ಕರೆದಾಗ ಕೆಳಗಿಡದೆ ಹಾಗೇ ಬಂದಿದ್ದಳು. ಒಂದು ಸಲ ಟ್ಯೂಬಿನಲ್ಲಿ ರಕ್ತದ ಕಣ ಒಡೆದಿದೆ, ಪೊಟ್ಯಾಶಿಯಂ ಸುಳ್ಳೇ ಜಾಸ್ತಿ ತೋರಿಸ್ತದೆ, ರಿಪೋರ್ಟ್ ಕೊಡೋದಿಲ್ಲ ಅಂತ ಹಠ ಮಾಡಿ, ಡಾಕ್ಟರಮ್ಮ ಬೈದರೂ ಮತ್ತೆ ರಕ್ತ ತೆಗೆಸಿದಳು. ಎರಡನೇ ಸಲ ಸರಿಯಾಗಿಯೇ ಬಂತು. ಮುಚ್ಚಿದ ಅರ್ಧ ಮೈ ನನಗೆ ಎಲ್ಲಿಂದಲೂ ಸಿಗಲಿಲ್ಲ. ಹಾಗಾಗಿ ಡಾಕ್ಟರಮ್ಮನ ಹಿಂದೆ ಸೇರಿಸಿದ್ದೇನೆ. ಆದರೆ ಮುಷ್ಟಿಯ ಸುತ್ತ ಬೇರೆಯಾಗಿ ಕತ್ತರಿಸಿ, ಎರಡು ಪದರ ಫೋಮ್ ಟೇಪು ಕೊಟ್ಟು ಮುಂದೆ ತಂದಿದ್ದೇನೆ. ಸಿಟ್ಟಿನಲ್ಲಿದ್ದಾಳೆ ನನ್ನ ಮೇಲೆ. ಇರಲಿ. ಇವಳಿಗೆ ಸರಿ ಅನ್ನಿಸದ್ದನ್ನು ಇವಳು ಕೈಯಿಂದ ಬಿಡೋದಿಲ್ಲ.”

ಡಾಕ್ಟರಮ್ಮ ಮೆಲ್ಲಗೆ ಕೇಳಿದರು, “ಮತ್ತೆ ನೀವೆಲ್ಲಿ?”

“ನಾನು ಇಲ್ಲ. ಎರಡನೇ ಪ್ರಿಂಟಿನಲ್ಲಿ ಬದ್ರಿಯಾ, ನೀವು ಇಬ್ಬರೂ ಹೋದ ಮೇಲೆ ನನ್ನನ್ನು ಹಾಗೇ ಬಿಟ್ಟಿದ್ದೇನೆ. ಅದನ್ನು ಊರಿಗೆ ತಗೊಂಡು ಹೋಗ್ತೇನೆ. ಸಾಹೇಬ್ರೇ, ನೀವು ಇವರಲ್ಲಿ ಯಾರನ್ನು ತೆಗೆದರೂ ಹಲಗೆಯಲ್ಲಿ ತೂತು ಬೀಳೋದಿಲ್ಲ, ರೋಗಿ ನಡೆಯುವ ದಾರಿಯಲ್ಲಿ ಬೀಳ್ತದೆ. ನನಗೆ ಗೊತ್ತಿರೋದು ಇಷ್ಟೇ. ಖಲಾಸ್.”

ಚಪ್ಪಾಳೆ ಬರಲಿಲ್ಲ. ಮ್ಯಾನೇಜರ್ ಎದ್ದು ಹಲಗೆಯ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ನೋಟುಪುಸ್ತಕ ಕುರ್ಚಿಯ ಮೇಲೇ ಇತ್ತು. “ನಾನು ಬರೆದು ಕೊಡಿ ಅಂದಿದ್ದೆ” ಎಂದರು ಕೊನೆಗೆ. ಕಾಕ, “ಬರೆಯೋದು ನನಗೆ ಬರೋದಿಲ್ಲ ಸಾಹೇಬ್ರೇ” ಎಂದರು. ಮ್ಯಾನೇಜರ್ ಅವರ ಕೈ ಕುಲುಕಿ, ಒಂದು ಖರ್ಜೂರ ತೆಗೆದುಕೊಂಡು ಹೊರಟುಹೋದರು. ಮುಖದಿಂದ ಏನೂ ತಿಳಿಯಲಿಲ್ಲ.

ಎಲ್ಲರೂ ಹಲಗೆಯನ್ನು ಮುತ್ತಿದಾಗ ನಾನು ಅವರ ಹತ್ತಿರ ಹೋದೆ. “ಗೋಳಿಬಜೆ ತಣ್ಣಗಾಯ್ತು ಕಾಕ” ಎಂದೆ.

“ಕೊಡು” ಎಂದು ಎರಡು ತೆಗೆದುಕೊಂಡರು. ಒಂದನ್ನು ನನ್ನ ಕೈಗಿಟ್ಟರು.

ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅವರು ಹಲಗೆಯ ಕೆಲಸ ವಿವರಿಸತೊಡಗಿದರು. ಶೈನಿಯ ಗುಂಗುರು ಕೂದಲನ್ನು ಎಳೆಎಳೆಯಾಗಿ ಕತ್ತರಿಸಲು ಆಗುವುದಿಲ್ಲವಂತೆ. ಸುತ್ತ ಒಂದಿಷ್ಟು ಗೋಡೆ ಬಿಟ್ಟು ಕತ್ತರಿಸಿ, ಹಲಗೆಗೆ ಅದೇ ಗೋಡೆಯ ಮರಳಿನ ಬಣ್ಣ ಬಳಿದರಂತೆ. ಆಗ ಬಿಟ್ಟದ್ದು ಕಾಣುವುದಿಲ್ಲ. ಕತ್ತರಿಸಿದ ಕಾಗದದ ಬಿಳಿ ಅಂಚಿಗೆ ಬಟ್ಟೆಯದೇ ಬಣ್ಣದ ಪೆನ್ನು ಎಳೆದರಂತೆ. ಅಂಟಿಸುವ ಮೊದಲು ಸುಮ್ಮನೆ ಇಟ್ಟು ನೋಡಿ, ಮೊಬೈಲಿನಲ್ಲಿ ಫೋಟೋ ತೆಗೆದು, ಮೂರು ದಿನ ಜಾಗ ಬದಲಾಯಿಸಿದರಂತೆ. ಆ ಮೂರು ದಿನ ನಾನು ಫ್ಯಾನ್ ಜೋರು ಮಾಡಿ ಕೂತಿದ್ದೆ. ಕ್ಷಮೆಯ ಮಾತು ನಡುವೆ ಎಲ್ಲೂ ಹಿಡಿಸಲಿಲ್ಲ. ಅವರು ಹಿಡಿಸಲು ಬಿಡಲಿಲ್ಲ ಎಂದು ಈಗ ಅನ್ನಿಸುತ್ತದೆ.

ಶನಿವಾರ ಜಮಾಲ್ ಅವರನ್ನು ಮಸ್ಕತ್ ವಿಮಾನ ನಿಲ್ದಾಣಕ್ಕೆ ಬಿಟ್ಟು ಬಂದ.

ಎರಡು ತಿಂಗಳ ನಂತರ ಪತ್ರಗಳು ಬಂದವು. ಜಮಾಲ್ ಉಳಿದ. ಅವನ ಹೆಸರು ಮೊದಲಿನಿಂದಲೂ ಹೋಗುವವರ ಪಟ್ಟಿಯಲ್ಲಿತ್ತೆಂದು ಬದ್ರಿಯಾಗೆ ಯಾರೋ ಹೇಳಿದ್ದರು. ನಾನು, ಫತ್ಹಿ ಉಳಿದೆವು. ಎಕ್ಸ್‌ರೇಗೆ ಬೇರೆ ಶಾಖೆಯಿಂದ ವಾರಕ್ಕೆ ಮೂರು ದಿನ ಒಬ್ಬರು ಬರುವುದೆಂದಾಯಿತು. ಶೈನಿಯ ಕೆಲಸ ಹೋಯಿತು. ಅದೃಷ್ಟಕ್ಕೆ ಅವಳಿಗೆ ರುಸ್ತಾಕಿನ ಒಂದು ಕ್ಲಿನಿಕ್ಕಿನಲ್ಲಿ ಜಾಗ ಸಿಕ್ಕಿತು. ಮ್ಯಾನೇಜರ್ ತಾವೇ ಫೋನ್ ಮಾಡಿ ಅಲ್ಲಿ ಹೇಳಿದ್ದರೆಂದು ಆಮೇಲೆ ತಿಳಿಯಿತು. ಅಷ್ಟು ಮಾಡಿದವರು ಇಲ್ಲೇ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ನಾನು ಕೇಳಲಿಲ್ಲ.

ಹೋಗುವ ದಿನ ಶೈನಿ ಹಲಗೆಯ ಮುಂದೆ ನಿಂತು, “ನನ್ನನ್ನು ತೆಗೆದು ಕೊಡ್ತೀಯಾ?” ಎಂದಳು. ನಾನು ಬ್ಲೇಡು ತಂದೆ. ಅಂಚಿಗೆ ತಾಗಿಸಿ ಎಬ್ಬಿಸಲು ನೋಡಿದರೆ ಅವಳ ಮೊಣಕೈ ಡಾಕ್ಟರಮ್ಮನ ಕೋಟಿನ ಅಡಿಗೆ ಹೋಗಿತ್ತು. ಅವಳನ್ನು ಎಳೆದರೆ ಇಬ್ಬರೂ ಹರಿಯುವಂತಿದ್ದರು. ನಾನು ಉಪ್ಪಿನಂಗಡಿಗೆ ವಿಡಿಯೊ ಕಾಲ್ ಮಾಡಿದೆ.

ಕಾಕ ಹಲಸಿನ ಮರದಡಿ ಬನಿಯನ್ನಿನಲ್ಲಿ ಕೂತಿದ್ದರು. ಮುಖ ಇಳಿದಿತ್ತು, ಕಾಯಿಲೆ ಆಗಲೇ ಶುರುವಾಗಿತ್ತೆಂದು ನನಗೆ ಗೊತ್ತಿರಲಿಲ್ಲ. ಸುದ್ದಿ ಕೇಳಿ ಫೋನನ್ನು ಮುಖದ ಹತ್ತಿರ ಹಿಡಿದರು.

“ತೆಗೀಬೇಡ. ಫೋಟೋ ಕಳಿಸ್ತೇನೆ, ಹೊಸ ಪ್ರಿಂಟ್ ಹಾಕು. ಇನ್ನೊಂದು ಶೈನಿಯನ್ನು ಕತ್ತರಿಸಿ ಕೊಡು.”

“ನನಗೆ ಬರೋದಿಲ್ಲ ಕಾಕ.”

“ಬರ್ತದೆ. ಫೋನನ್ನು ಡಬ್ಬಿಗೆ ಒರಗಿಸಿ ಇಡು, ನಾನು ನೋಡ್ತೇನೆ.”

ಪ್ರಿಂಟನ್ನು ದಪ್ಪ ರಟ್ಟಿನ ಮೇಲಿಟ್ಟೆ. ಅವರು ಹೇಳುತ್ತ ಹೋದರು. ಹೊಸ ಬ್ಲೇಡು ಹಾಕು. ಪೆನ್ನು ಹಿಡಿದ ಹಾಗೆ ಹಿಡಿ. ಗೆರೆಯ ಮೇಲೆ ಬೇಡ, ಕೂದಲೆಳೆಯಷ್ಟು ಒಳಗೆ. ಒಂದೇ ಸಲ ಒತ್ತಬೇಡ, ಎರಡು ಸಲ ಹಗುರಾಗಿ. ತಿರುವಿನಲ್ಲಿ ಬ್ಲೇಡು ತಿರುಗಿಸಬೇಡ, ಕಾಗದ ತಿರುಗಿಸು. ಮೊದಲು ತೋಳಿನ ಒಳಗಿನ ಸಂದು, ಹೊರಗಿನದ್ದು ಕೊನೆಗೆ. ಕುತ್ತಿಗೆಯ ಹತ್ತಿರ ನನ್ನ ಕೈ ತಪ್ಪಿ ಒಂದು ಕಚ್ಚು ಬಿತ್ತು. ಶೈನಿ, “ಪರವಾಗಿಲ್ಲ, ಅಲ್ಲಿ ಸರ ಉಂಟು ಅಂದುಕೊಳ್ತೇನೆ” ಎಂದಳು.

ಕೊನೆಗೆ ಅವಳು ಕಾಗದದಿಂದ ಬಿಟ್ಟು ನನ್ನ ಅಂಗೈಗೆ ಬಂದಳು. ಕ್ಯಾಮೆರಾ ನೋಡದೆ, ಬದಿಗೆ ಮುಖ ತಿರುಗಿಸಿಕೊಂಡೇ ಇದ್ದಳು. ಶೈನಿ ಅದನ್ನು ತನ್ನ ಪಾಸ್‌ಪೋರ್ಟಿನ ಹಾಳೆಗಳ ನಡುವೆ ಇಟ್ಟುಕೊಂಡು ಜಮಾಲನ ಜೊತೆ ಗಾಡಿಯ ಕಡೆ ಹೋದಳು.

ಫೋನಿನಲ್ಲಿ ಕಾಕ ಇನ್ನೂ ಇದ್ದರು.

“ಕೈ ನಡುಗಿತಾ ತಂಗಿ?”

“ನಡುಗಿತು.”

“ನನಗೂ ನಡುಗಿತ್ತು” ಎಂದರು. “ಆರು ಜನರನ್ನು ಕತ್ತರಿಸುವಾಗಲೂ.”